‘ಕ್ಷೇಮ’ ಎಂದು ಮೊದಲೇ ಬರೆಯಬೇಡ: ನನ್ನ ಮಾಷ್ಟ್ರಿಗೆ ಒಂದು ಕಾಗದ

ಕಳೆದ ತಿಂಗಳು ನಮ್ಮ ಕುಟುಂಬದ ಒಂದು ಮದುವೆಯಲ್ಲಿ ನನ್ನ ಏಳನೇ ಕ್ಲಾಸಿನ ಗೆಳೆಯನೊಬ್ಬ ಸಿಕ್ಕಿದ. ಊಟಕ್ಕೆ ಕುಳಿತಾಗ ಅವನು, “ನಮ್ಮ ಕನ್ನಡ ಮಾಷ್ಟ್ರು ಇನ್ನೂ ಇದ್ದಾರೆ ಮಾರಾಯ. ವರ್ಷ ಎಂಬತ್ತೇಳು. ಕಣ್ಣು ಕಾಣುವುದಿಲ್ಲ, ಮೊಮ್ಮಗಳು ಪೇಪರ್ ಓದಿ ಹೇಳ್ತಾಳೆ” ಎಂದ. ಮಾಷ್ಟ್ರು ತೀರಿಕೊಂಡಿರಬಹುದು ಎಂದೇ ನಾನು ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದೆ. ಅವನು ಮನೆಯ ಫೋನ್ ನಂಬ್ರ ಕೊಟ್ಟ. ಎರಡು ಸಲ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ನಾನು ಅವರಿಗೆ ಹೇಳಬೇಕಾದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ. ಅವರು ನನಗೆ ಕಲಿಸಿದ್ದೇ ಕಾಗದ ಬರೆಯಲು. ಹಾಗಾಗಿ ಕಾಗದವನ್ನೇ ಬರೆದೆ.

ಅದನ್ನು ಇಲ್ಲಿಯೂ ಹಾಕುತ್ತಿದ್ದೇನೆ. ಗಂಡಸರು ಗಲ್ಫಿಗೆ ಹೋದ ಆ ಕಾಲದಲ್ಲಿ ನಮ್ಮ ಬ್ಯಾರಿ ಮನೆಗಳ ನಡುವೆ ಕಾಗದ ಬರೆದುಕೊಡುವ ಹುಡುಗನೋ ಹುಡುಗಿಯೋ ಒಬ್ಬರು ಇದ್ದೇ ಇರುತ್ತಿದ್ದರು. ಓದುವವರಲ್ಲಿ ಕೆಲವರು ಆ ಮಕ್ಕಳೇ ಆಗಿರಬಹುದು. ಮಾಷ್ಟ್ರ ಹೆಸರು, ಶಾಲೆಯ ಹೆಸರು ಬಿಟ್ಟಿದ್ದೇನೆ. ಯಾಕೆ ಎಂಬುದು ಕಾಗದ ಓದಿದರೆ ತಿಳಿಯುತ್ತದೆ.

ಮಂಜೇಶ್ವರ
12-1-2025

ಪ್ರೀತಿಯ ಮಾಷ್ಟ್ರಿಗೆ ನಮಸ್ಕಾರ.

ನೀವು ಕಲಿಸಿದ ಹಾಗೆ ಊರು, ತಾರೀಕು ಬಲಗಡೆ ಮೇಲೆ ಬರೆದಿದ್ದೇನೆ. ಎಡಗಡೆ ಒಂದು ಬೆರಳು ಅಗಲ ಜಾಗ ಬಿಟ್ಟಿದ್ದೇನೆ. ‘ಕ್ಷೇಮ’ ಎಂಬ ಸಾಲನ್ನು ಮಾತ್ರ ಇನ್ನೂ ಬರೆದಿಲ್ಲ. ಅದು ಕೊನೆಗೆ ಬರುತ್ತದೆ.

ನಾನು 1980ರಲ್ಲಿ ನಿಮ್ಮ ಏಳನೇ ಕ್ಲಾಸಿನಲ್ಲಿದ್ದವ. ಕಿಟಕಿಯ ಬದಿಯ ಬೆಂಚು, ಎರಡನೇ ಸಾಲು. ಬೆಳಿಗ್ಗೆ ಮದ್ರಸ ಮುಗಿಸಿ ಓಡಿ ಬರುವಾಗ ದಿನಾ ತಡವಾಗುತ್ತಿತ್ತು, ನೀವು ದಿನಾ “ಬಾ ದೊರೆ” ಎಂದು ಒಳಗೆ ಕರೆಯುತ್ತಿದ್ದಿರಿ. ನನ್ನ ಉಪ್ಪ ಮೀನಿನ ವ್ಯಾಪಾರ, ಉಮ್ಮ ಬೀಡಿ ಕಟ್ಟುತ್ತಿದ್ದರು. ಇಷ್ಟು ಹೇಳಿದರೂ ನೆನಪಾಗದಿದ್ದರೆ ತೊಂದರೆ ಇಲ್ಲ. ನಿಮಗೆ ಸಾವಿರ ಮಕ್ಕಳು, ನನಗೆ ನೀವೊಬ್ಬರು.

ನಾನು ಹೇಳಬೇಕಾದ ವಿಷಯ ನಾಲ್ಕು ಉಂಟು. ನೀವು ಕಲಿಸಿದಂತೆ ನಾಲ್ಕು ಬೆರಳು ಬಿಡಿಸಿ ಇಟ್ಟುಕೊಂಡೇ ಬರೆಯುತ್ತೇನೆ.

ಮೊದಲನೆಯದು ಆ ಕಾಗದದ ಪಾಠ.

ನಿಮಗೆ ಗೊತ್ತುಂಟು, ಆಗ ನಮ್ಮ ಓಣಿಯ ಒಂಬತ್ತು ಮನೆಗಳಲ್ಲಿ ಆರು ಮನೆಯ ಗಂಡಸರು ದುಬೈ, ಅಬುಧಾಬಿ, ಶಾರ್ಜಾ ಎಂದು ಹೋಗಿದ್ದರು. ಮನೆಯಲ್ಲಿ ಉಳಿದ ಹೆಂಗಸರು ಕುರ್‌ಆನ್ ಓದುತ್ತಿದ್ದರು, ಮದ್ರಸದಲ್ಲಿ ಕಲಿತ ಅಕ್ಷರ ಇತ್ತು. ಆದರೆ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಮಾತಾಡುವುದು ಬ್ಯಾರಿ. ಅದನ್ನು ಬರೆಯಲು ಶಾಲೆಯಲ್ಲಿ ಕಲಿಸುವ ಅಕ್ಷರ ಆಗ ಇರಲಿಲ್ಲ. ಗಂಡಂದಿರು ನಾಲ್ಕನೆಯದೋ ಐದನೆಯದೋ ತನಕ ಕನ್ನಡ ಶಾಲೆಗೆ ಹೋದವರು, ಕನ್ನಡ ಓದುತ್ತಿದ್ದರು. ಹೀಗೆ ಬ್ಯಾರಿಯಲ್ಲಿ ಹೇಳಿದ್ದು ಕನ್ನಡದಲ್ಲಿ ಹೋಗಬೇಕು, ಕನ್ನಡದಲ್ಲಿ ಬಂದದ್ದನ್ನು ಬ್ಯಾರಿಯಲ್ಲಿ ಓದಿ ಹೇಳಬೇಕು. ನಡುವೆ ಇದ್ದವನು ನಾನು, ಹನ್ನೆರಡು ವರ್ಷದವ.

ನಿಮ್ಮ ಪುಸ್ತಕದ ಪಾಠದಲ್ಲಿ ಪತ್ರಲೇಖನ ಎಂದರೆ ಪ್ರವಾಸಕ್ಕೆ ಹಣ ಕೇಳಿ ತಂದೆಗೆ ಪತ್ರ, ರಜೆ ಕೇಳಿ ಮುಖ್ಯೋಪಾಧ್ಯಾಯರಿಗೆ ಪತ್ರ. ನಾನು ಅದನ್ನು ಬಾಯಿಪಾಠ ಮಾಡಿದ್ದೆ. “ನಾನು ಇಲ್ಲಿ ಕ್ಷೇಮ, ತಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಬೇಕು” ಎಂಬುದನ್ನು ಅಷ್ಟು ಚಂದದ ಅಕ್ಷರದಲ್ಲಿ ಬರೆಯುವವರು ಕ್ಲಾಸಿನಲ್ಲಿ ಬೇರೆ ಇರಲಿಲ್ಲ. ಓಣಿಯಲ್ಲಿ ನನಗೆ ಬೆಲೆ ಬಂದದ್ದು ಆ ಅಕ್ಷರದಿಂದ. ಒಂದು ಕಾಗದ ಬರೆದರೆ ಒಂದು ತುಂಡು ಬೆಲ್ಲ, ಕೆಲವು ಸಲ ನಾಲ್ಕಾಣೆ.

ಆ ಮಳೆಗಾಲದಲ್ಲಿ ಮೂರನೇ ಮನೆಯ ಇತ್ತಾತ ನನ್ನನ್ನು ಕರೆದರು. ಅವರ ಹೆಸರು ಬರೆಯುವುದಿಲ್ಲ. ಸಣ್ಣ ಮಗಳ ಎಡಕಿವಿ ಸೋರಲು ಸುರುವಾಗಿ ಎರಡು ತಿಂಗಳಾಗಿತ್ತು. ಎಣ್ಣೆ ಬಿಟ್ಟರು, ಬೆಳ್ಳುಳ್ಳಿ ಕಾಯಿಸಿ ಬಿಟ್ಟರು, ಊದಿಸಿದರು. ಉಪ್ಪಳದ ಡಾಕ್ಟ್ರು ನೋಡಿ, ಒಳಗೆ ತಮಟೆ ತೂತಾಗಿದೆ, ಮಂಗಳೂರಿಗೆ ಕೊಂಡುಹೋಗಿ ಕಿವಿಯ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ ಎಂದಿದ್ದರು. ಕೈಯಲ್ಲಿ ಹಣ ಇರಲಿಲ್ಲ. ಎರಡು ತಿಂಗಳಿಂದ ಡ್ರಾಫ್ಟ್ ಬಂದಿರಲಿಲ್ಲ. ಕೊರಳಿನದ್ದನ್ನು ಅಡವಿಡಲು ಗಂಡನ ಒಪ್ಪಿಗೆ ಬೇಕಿತ್ತು, ಅತ್ತೆಗೆ ಗೊತ್ತಾಗಬಾರದಿತ್ತು. ಇದನ್ನೆಲ್ಲ ಅವರು ಬೀಡಿ ಸೂಪನ್ನು ಬದಿಗಿಟ್ಟು, ದನಿ ತಗ್ಗಿಸಿ, ನಡುನಡುವೆ ಅಳುತ್ತಾ ಹೇಳಿದರು. ಕಲ್ಬಿನ ಮೇಲೆ ಕಲ್ಲಿಟ್ಟ ಹಾಗೆ ಆಗ್ತದೆ ಎಂದರು.

ನಾನು ನೀಲಿ ಏರೋಗ್ರಾಮ್ ಬಿಡಿಸಿದೆ. ಮೊದಲ ಸಾಲು ನನ್ನ ಚಂದದ ಅಕ್ಷರದಲ್ಲಿ ತನ್ನಷ್ಟಕ್ಕೇ ಬಂತು: ಇಲ್ಲಿ ನಾನೂ ಮಕ್ಕಳೂ ತಾಯಿಯವರೂ ಕ್ಷೇಮ. ಅಷ್ಟು ಬರೆದ ಮೇಲೆ ಕಿವಿ ಸೋರುವುದನ್ನು ಎಲ್ಲಿ ಸೇರಿಸುವುದು? ಅಳುವುದನ್ನು ಪುಸ್ತಕದ ಕನ್ನಡದಲ್ಲಿ ಹೇಗೆ ಬರೆಯುವುದು? ನನಗೆ ನಾಚಿಕೆಯೂ ಆಯಿತು. “ಚಿಕ್ಕವಳಿಗೆ ಕಿವಿಯಲ್ಲಿ ಸ್ವಲ್ಪ ತೊಂದರೆ ಇರುತ್ತದೆ. ಅನುಕೂಲವಾದಾಗ ಹಣ ಕಳುಹಿಸಿದರೆ ಉಪಕಾರವಾಗುವುದು” ಎಂದು ಬರೆದೆ. ಉಳಿದ ಜಾಗದಲ್ಲಿ ನೆರೆಕರೆಯವರ ಸಲಾಂ ತುಂಬಿಸಿದೆ. ಅಡವಿನ ಮಾತು ಬರೆಯಲೇ ಇಲ್ಲ. ಓದಿ ಹೇಳು ಎಂದು ಅವರು ಕೇಳಿದಾಗ, ಅವರು ಹೇಳಿದ್ದನ್ನೇ ನೆನಪಿನಿಂದ ಬ್ಯಾರಿಯಲ್ಲಿ ಒಪ್ಪಿಸಿದೆ, ಕಾಗದದಲ್ಲಿ ಇದ್ದದ್ದನ್ನಲ್ಲ. ಅಂಟು ಹಚ್ಚಿ ಮಡಚಿದೆ. ಬೆಲ್ಲ ತಿಂದೆ.

ಹೋಗಲು ಹನ್ನೆರಡು ದಿನ, ಬರಲು ಅಷ್ಟೇ. ತಿಂಗಳಾಗುವಾಗ ಉತ್ತರ ಬಂತು. ಅದನ್ನು ಓದಲು ಕರೆದದ್ದೂ ನನ್ನನ್ನೇ. “ನೀವೆಲ್ಲರೂ ಕ್ಷೇಮ ಎಂದು ತಿಳಿದು ಬಹಳ ಸಂತೋಷವಾಯಿತು. ಈ ತಿಂಗಳ ಹಣವನ್ನು ವೀಸಾದ ಸಾಲಕ್ಕೆ ಕಟ್ಟಿದೆ. ಎರಡು ತಿಂಗಳು ಹೇಗಾದರೂ ಸುಧಾರಿಸಿಕೋ.” ಇದನ್ನು ಬ್ಯಾರಿಗೆ ತಿರುಗಿಸಿ ಹೇಳಿದೆ. ಇತ್ತಾತ ಎರಡನೇ ಸಲ ಓದಲು ಹೇಳಿದರು. ಓದಿದೆ. ಅವರು ಅಳಲಿಲ್ಲ. “ಇಷ್ಟೆಲ್ಲ ಹೇಳಿದ ಮೇಲೆಯೂ ಅವರಿಗೆ ಸಂತೋಷವಾ?” ಎಂದು ಮಾತ್ರ ಕೇಳಿ ಒಳಗೆ ಹೋದರು. ಅವತ್ತಿನಿಂದ ಆ ಮನೆಯಲ್ಲಿ ಗಂಡನ ಹೆಸರು ಎತ್ತಿದರೆ ಅವರು ಎದ್ದು ಹೋಗುತ್ತಿದ್ದರು.

ನಾನು ನಾಲ್ಕು ದಿನ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಐದನೆಯ ದಿನ ಶುಕ್ರವಾರ. ಜುಮಾಕ್ಕೆಂದು ಮಧ್ಯಾಹ್ನ ಉದ್ದ ಬಿಡುವು. ನಾನು ಮಸೀದಿಯಿಂದ ಬೇಗ ಬಂದು ನಿಮ್ಮ ಮೇಜಿನ ಹತ್ತಿರ ನಿಂತೆ. ನೀವು ಬುತ್ತಿ ಮುಚ್ಚಿ, “ಎಂತ ಮಾರಾಯ?” ಎಂದಿರಿ. ಎಲ್ಲವನ್ನೂ ಹೇಳಿದೆ. ಬೆತ್ತ ಮೇಜಿನ ಮೇಲೆಯೇ ಇತ್ತು. ನೀವು ಅದನ್ನು ಮುಟ್ಟಲಿಲ್ಲ. ತುಂಬಾ ಹೊತ್ತು ಬಿಟ್ಟು, “ನಿನ್ನ ಅಕ್ಷರ ಚಂದ ಉಂಟು ಎಂದು ಹೊಗಳಿದವ ನಾನೇ. ಅರ್ಧ ತಪ್ಪು ನನ್ನದು” ಎಂದಿರಿ. ಹೊಡೆದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಅಂಗಿಯ ಕಿಸೆಯಿಂದ ಹಣ ತೆಗೆದು, ಪೋಸ್ಟಾಫೀಸಿಗೆ ಹೋಗಿ ಏರೋಗ್ರಾಮ್ ತಾ ಎಂದಿರಿ. ತಂದಾಗ, ಕೂತ್ಕೋ ಎಂದು ಪಾಠ ಮಾಡಿದಿರಿ. ಬರೆಯಲು ಸುರು ಮಾಡುವ ಮೊದಲು, ಎಷ್ಟು ವಿಷಯ ಹೇಳಲಿಕ್ಕುಂಟು ಎಂದು ಅವರನ್ನೇ ಕೇಳು. ಅಷ್ಟು ಬೆರಳು ಬಿಡಿಸಲು ಹೇಳು. ಒಂದೊಂದು ವಿಷಯಕ್ಕೆ ಒಂದೊಂದು ಪ್ಯಾರಾ. ಅವರು ಮೊದಲು ಹೇಳಿದ್ದು ಮೊದಲು, ನಿನಗೆ ಬೇಕಾದ್ದು ಮೊದಲು ಅಲ್ಲ. ಅವರ ಮಾತಿಗೆ ಕನ್ನಡ ಸಿಗದಿದ್ದರೆ ಬ್ಯಾರಿ ಶಬ್ದವನ್ನೇ ಕನ್ನಡ ಅಕ್ಷರದಲ್ಲಿ ಬರೆ. ಓದುವವನೂ ಬ್ಯಾರಿಯೇ ಅಲ್ವಾ, ಅವನಿಗೆ ಅರ್ಥವಾಗ್ತದೆ. ಸಂಖ್ಯೆ ಇದ್ದರೆ ಸಂಖ್ಯೆಯನ್ನೇ ಬರೆ, ‘ಸ್ವಲ್ಪ’ ಎಂದು ಬರೆಯಬೇಡ. ಅಂಟು ಹಚ್ಚುವ ಮೊದಲು ಕಾಗದದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಅವರ ಭಾಷೆಯಲ್ಲಿ ಓದಿ ಹೇಳು. ತಮ್ಮ ವಿಷಯ ಬಂದಾಗ ಅವರು ಒಂದು ಬೆರಳು ಮಡಚಲಿ. ಬೆರಳು ಉಳಿದರೆ ಕಾಗದ ಮುಗಿದಿಲ್ಲ. “ಮತ್ತೆ ಆ ಕ್ಷೇಮ ಉಂಟಲ್ಲ, ಅದನ್ನು ಮೊದಲೇ ಬರೆಯಬೇಡ. ಎಲ್ಲ ಕೇಳಿ ಆದ ಮೇಲೆ, ಕ್ಷೇಮ ಅಂತ ಬರೆಯಲಾ ಎಂದು ಅವರ ಹತ್ರ ಕೇಳು. ಬೇಡ ಅಂದರೆ ಬಿಡು.”

ಕಾಗದವನ್ನು ನೀವೇ ಬರೆದುಕೊಡುತ್ತೀರಿ ಎಂದು ನಾನು ಆಸೆಪಟ್ಟಿದ್ದೆ. ನೀವು ಬರೆಯಲಿಲ್ಲ. ಶಾಲೆ ಬಿಟ್ಟ ಮೇಲೆ ಸೈಕಲ್ ದೂಡಿಕೊಂಡು ನನ್ನ ಜೊತೆ ಅಡಿಕೆ ತೋಟದ ಕಂಡಿಯ ತನಕ ಬಂದು ನಿಂತಿರಿ. “ನಾನು ಇಲ್ಲಿಂದ ಮುಂದೆ ಬರುವುದಿಲ್ಲ. ನಾನು ಬಂದರೆ ಅವರು ಮಾಷ್ಟ್ರ ಎದುರು ನಿನ್ನನ್ನು ಬೈಯಲಿಕ್ಕಿಲ್ಲ. ಬೈಗುಳ ಅವರಿಗೆ ಸಲ್ಲಬೇಕಾದದ್ದು” ಎಂದಿರಿ.

ಇತ್ತಾತ ಬೈಯಲಿಲ್ಲ. ನಾನು ಮಾಡಿದ್ದನ್ನು ಹೇಳಿದಾಗ, ಕಿವಿ ಸೋರುವ ಆ ಮಗುವನ್ನು ಮಡಿಲಿಗೆ ಎಳೆದುಕೊಂಡು ನನ್ನನ್ನೇ ನೋಡಿದರು. ಆಮೇಲೆ ಬಲಗೈಯ ಐದು ಬೆರಳನ್ನು ಬಿಡಿಸಿದರು. ಕಿವಿ ಎಷ್ಟು ದಿನದಿಂದ ಸೋರುತ್ತಿದೆ. ಡಾಕ್ಟ್ರು ಏನು ಹೇಳಿದರು. ಕೈಯಲ್ಲಿ ಎಷ್ಟಿದೆ, ಎಷ್ಟು ಬೇಕು. ಅಡವಿಡಲು ಒಪ್ಪಿಗೆ. ಐದನೆಯದು, ಹೋದ ಕಾಗದದಲ್ಲಿ ಹುಡುಗ ತಪ್ಪು ಬರೆದ, ನಿಮ್ಮ ಮೇಲೆ ನನಗಿದ್ದ ಸಿಟ್ಟು ಹೋಯಿತು. ಆ ಐದನೆಯದನ್ನು ನನ್ನ ಕೈಯಿಂದಲೇ ಬರೆಸಿದರು. ಕ್ಷೇಮ ಬರೆಯಲಾ ಎಂದು ಕೇಳಿದೆ. “ದೊಡ್ಡ ಮಗ ಕ್ಷೇಮ, ಉಮ್ಮ ಕ್ಷೇಮ ಅಂತ ಬರೆ. ಬೇರೆ ಬೇಡ” ಎಂದರು.

ಉತ್ತರಕ್ಕೆ ತಿಂಗಳು ಕಾಯಬೇಕಾಗಲಿಲ್ಲ. ಹದಿನೆಂಟು ದಿನದಲ್ಲಿ, ಊರಿಗೆ ಬರುವ ಒಬ್ಬರ ಕೈಯಲ್ಲಿ ಕಾಗದವೂ ಡ್ರಾಫ್ಟೂ ಬಂತು. ಮಂಗಳೂರಿಗೆ ಕೊಂಡುಹೋದರು, ಕಿವಿಯ ಆಪರೇಶನ್ ಆಯಿತು. ಸೋರುವುದು ನಿಂತಿತು. ಕೇಳುವುದು ಮಾತ್ರ ಎಡಗಡೆ ಪೂರ್ತಿ ಬರಲಿಲ್ಲ. ಒಂದೂವರೆ ತಿಂಗಳು ಮೊದಲೇ ಹೋಗಿದ್ದರೆ ಬರುತ್ತಿತ್ತಾ ಎಂದು ಅವರು ಡಾಕ್ಟರನ್ನು ಕೇಳಿದರಂತೆ. ಹೇಳಲಿಕ್ಕೆ ಆಗುವುದಿಲ್ಲ ಎಂದರಂತೆ. ಆ ಮಾತು ಇವತ್ತಿಗೂ ನನ್ನ ಜೊತೆ ಉಂಟು ಮಾಷ್ಟ್ರೇ. ಹೌದು ಎಂದಿದ್ದರೆ ಅತ್ತು ಮುಗಿಸುತ್ತಿದ್ದೆ. ಇಲ್ಲ ಎಂದಿದ್ದರೆ ಮರೆಯುತ್ತಿದ್ದೆ.

ಒಂದು ಬೆರಳು ಮಡಚಿದೆ.

ಎರಡನೆಯದು ಸಣ್ಣ ವಿಷಯ. ಆ ಎರಡನೇ ಕಾಗದ ಹೋದ ವಾರ ರಾತ್ರಿ ಗಂಜಿ ಉಣ್ಣುವಾಗ ಉಪ್ಪ ನನ್ನನ್ನು ಕೇಳಿದರು, “ಅವನು ಮನೆಗೆ ಎಷ್ಟು ಕಳಿಸ್ತಾನೆ?” ನಾನು ಗೊತ್ತಿಲ್ಲ ಎಂದೆ. ಮರುದಿನ ಅದನ್ನು ನಿಮಗೆ ದೊಡ್ಡ ಸಾಧನೆಯ ಹಾಗೆ ಹೇಳಿದೆ. ನೀವು ತಲೆಯಾಡಿಸಿದಿರಿ. “ಗೊತ್ತಿಲ್ಲ ಅನ್ನಬೇಡ. ಗೊತ್ತುಂಟಲ್ಲ, ಅದು ಸುಳ್ಳಾಯಿತು. ಇವತ್ತು ಗುಟ್ಟು ಉಳಿಸಲಿಕ್ಕೆ ಸುಳ್ಳು, ನಾಳೆ ಬೇರೆ ಯಾವುದಕ್ಕೋ ಸುಳ್ಳು. ಅದು ಅವರ ಕಾಗದ ಉಪ್ಪಾ, ಅವರ ಹತ್ರ ಕೇಳಿ, ಅಂತ ಹೇಳು.” ಉಪ್ಪನಿಗೆ ಹಾಗೆ ಹೇಳಿದರೆ ಪೆಟ್ಟು ಬೀಳುತ್ತದೆ ಎಂದೆ. “ಬಿದ್ದರೆ ಒಂದು ಸಲ ಬೀಳ್ತದೆ. ಮತ್ತೆ ಕೇಳುವುದಿಲ್ಲ” ಎಂದಿರಿ.

ಮುಂದಿನ ಸಲ ಕೇಳಿದಾಗ ಹಾಗೆಯೇ ಹೇಳಿದೆ. ಪೆಟ್ಟು ಬೀಳಲಿಲ್ಲ. ಉಪ್ಪ ನನ್ನ ಮುಖ ನೋಡಿ ಉಪ್ಪಿನಕಾಯಿಯ ಭರಣಿ ನನ್ನ ಕಡೆ ಸರಿಸಿದರು. ಒಂದು ತಿಂಗಳ ನಂತರ, ಅವರ ತಂಗಿಯ ಗಂಡನಿಗೆ ಬರೆಯುವ ಒಂದು ಕಷ್ಟದ ಕಾಗದವನ್ನು ನನ್ನ ಕೈಯಿಂದ ಬರೆಸಿದರು. ಅದರಲ್ಲಿ ಏನಿತ್ತು ಎಂದು ಉಮ್ಮ ಕೇಳಿದರು. ಅದು ಉಪ್ಪನ ಕಾಗದ ಉಮ್ಮಾ ಎಂದೆ. ಆಗ ಬಿತ್ತು ಪೆಟ್ಟು, ಸೌಟಿನಲ್ಲಿ.

ಎರಡು ಬೆರಳು.

ಮೂರನೆಯದು ನಿಮಗೆ ಗೊತ್ತೇ ಇರಲಿಕ್ಕಿಲ್ಲ. ಅದಕ್ಕಾಗಿಯೇ ಮುಖ್ಯವಾಗಿ ಈ ಕಾಗದ.

ಹತ್ತನೆಯದು ಮುಗಿಸಿ, ಕಾಸರಗೋಡಿನಲ್ಲಿ ಟೈಪಿಂಗ್ ಕಲಿತು, 1993ರಲ್ಲಿ ನಾನೂ ಗಲ್ಫಿಗೆ ಹೋದೆ. ಕಟ್ಟಡದ ಕೆಲಸದ ಒಂದು ಕಂಪೆನಿಯಲ್ಲಿ ಟೈಂ ಕೀಪರ್. ಕೆಲಸದವರ ಹಾಜರಿ, ಓವರ್ ಟೈಂ ಬರೆಯುವುದು, ಆಫೀಸಿನ ಕಾಗದಕ್ಕೆ ಅವರ ಸಹಿಯೋ ಹೆಬ್ಬೆಟ್ಟೋ ಹಾಕಿಸುವುದು ನನ್ನ ಕೆಲಸ. ರಾತ್ರಿ ಕ್ಯಾಂಪಿನಲ್ಲಿ ಕಾಗದ ಬರೆದುಕೊಡುವುದು ಹಳೆಯ ಕೆಲಸ. ಬೆರಳು ಬಿಡಿಸಿ ಎಂದರೆ ಮೊದಲು ನಗುತ್ತಿದ್ದರು. ಆಮೇಲೆ ಅವರೇ ಬೆರಳು ಬಿಡಿಸಿಕೊಂಡು ಬರುತ್ತಿದ್ದರು.

1999ರಲ್ಲಿ ಒಬ್ಬ ಗಾರೆ ಮೇಸ್ತ್ರಿಯನ್ನು ಕಂಪೆನಿ ಕೆಲಸದಿಂದ ತೆಗೆದು ಊರಿಗೆ ಕಳುಹಿಸುವುದಿತ್ತು. ರಾಯದುರ್ಗದ ಕಡೆಯವರು, ಆಂಧ್ರದವರಾದರೂ ಮನೆಮಾತು ಕನ್ನಡ. ಮಾತಿನಲ್ಲಿ ನನಗೂ ಅವರಿಗೂ ಅಜಗಜಾಂತರ, ಆದರೂ ಊರ ಭಾಷೆ ಎಂದು ನನ್ನ ಹತ್ತಿರ ಬರುತ್ತಿದ್ದರು. ಓದು ಬರುತ್ತಿರಲಿಲ್ಲ. ಏಳು ವರ್ಷ ಕೆಲಸ ಮಾಡಿದ್ದರು. ಮೂಲ ಸಂಬಳ ತಿಂಗಳಿಗೆ 600 ದಿರ್ಹಂ, ಅಂದರೆ ದಿನಕ್ಕೆ 20. ಅಲ್ಲಿ ಆಗ ಇದ್ದ 1980ರ ಕಾರ್ಮಿಕ ಕಾನೂನಿನ ಪ್ರಕಾರ ಹೋಗುವಾಗ ಕೊಡಬೇಕಾದ ಹಣಕ್ಕೆ ಲೆಕ್ಕ ಇತ್ತು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಐದರ ಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಇವರಿಗೆ ಐದು ವರ್ಷಕ್ಕೆ 105 ದಿನ, ಉಳಿದ ಎರಡು ವರ್ಷಕ್ಕೆ 60 ದಿನ, ಒಟ್ಟು 165 ದಿನ. 3,300 ದಿರ್ಹಂ ಬರಬೇಕು.

ಆಫೀಸಿನಿಂದ ಬಂದ ಕಾಗದದಲ್ಲಿ 2,100 ಎಂದಿತ್ತು. ಐದು ವರ್ಷದ್ದು ಮಾತ್ರ. ಕೆಳಗೆ ಅರಬಿಯಲ್ಲೂ ಇಂಗ್ಲಿಷಿನಲ್ಲೂ ಒಂದು ಸಾಲು: ನನಗೆ ಸಲ್ಲಬೇಕಾದದ್ದೆಲ್ಲ ಸಂದಿದೆ, ಕಂಪೆನಿಯ ಮೇಲೆ ನನ್ನದು ಇನ್ನು ಯಾವ ಬಾಕಿಯೂ ಇಲ್ಲ. ಮ್ಯಾನೇಜರ್, “ಪಾಸ್‌ಪೋರ್ಟ್ ವಾಪಸ್ ಸಿಗುವ ಕಾಗದ ಅಂತ ಹೇಳಿ ಹೆಬ್ಬೆಟ್ಟು ಹಾಕಿಸು” ಎಂದರು. ಅದು ಪೂರ್ತಿ ಸುಳ್ಳೂ ಅಲ್ಲ. ಹೆಬ್ಬೆಟ್ಟು ಹಾಕಿದರೆ ಪಾಸ್‌ಪೋರ್ಟ್ ಸಿಗುತ್ತಿತ್ತು.

ಮಾಷ್ಟ್ರೇ, ನಾನು ಧೈರ್ಯದ ಮನುಷ್ಯ ಅಲ್ಲ. ನನ್ನ ಮದುವೆಯಾಗಿ ಎರಡು ವರ್ಷ, ಮನೆ ಕಟ್ಟುವ ಸಾಲ, ತಂಗಿಯ ನಿಕಾಹ್ ಮುಂದೆ ಇತ್ತು. ಕಾಗದ ಹಿಡಿದು ಮೇಸ್ತ್ರಿಯ ಶೆಡ್ಡಿಗೆ ಹೋಗುವಾಗ, ಅವರು ಏನೂ ಕೇಳದೆ ಹೆಬ್ಬೆಟ್ಟು ಹಾಕಿಬಿಡಲಿ ಎಂದೇ ಬೇಡಿಕೊಂಡೆ. ಅವರು ಕೇಳಿದರು, “ಏನ್ ಬರ್ದಾರಪ್ಪ ಇದ್ರಾಗ?”

ನನಗೆ ಆಗ ಕಂಡದ್ದು ಮೇಸ್ತ್ರಿಯ ಮುಖ ಅಲ್ಲ. ಬೀಡಿ ಸೂಪು, ನೀಲಿ ಏರೋಗ್ರಾಮ್, ಬಾಯಿಯಿಂದ ಒಂದು, ಕಾಗದದಲ್ಲಿ ಇನ್ನೊಂದು. ಕಾಗದದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿ ಹೇಳಿದೆ. 2,100 ಎಂದಾಗ ಅವರು ಸುಮ್ಮನಿದ್ದರು. ಬಾಕಿ ಇಲ್ಲ ಎಂಬ ಸಾಲು ಓದಿದಾಗ, ಇದು ಸರಿ ಐತಾ ಎಂದು ಕೇಳಿದರು. ಕಾನೂನಿನ ಲೆಕ್ಕ ಹೇಳಿದೆ. ಹಾಕಬೇಡಿ ಎಂದು ಹೇಳಲಿಲ್ಲ, ಅದು ಅವರ ಕಾಗದ. ಅವರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು.

ಎಂಟು ದಿನ ಎಳೆದಾಡಿದರು. ಲೇಬರ್ ಆಫೀಸಿಗೆ ಹೋಗುತ್ತೇನೆ ಎಂದು ಅವರು ಹಟ ಹಿಡಿದ ಮೇಲೆ ಇನ್ನೂ 900 ಕೊಟ್ಟು, ಒಟ್ಟು 3,000ಕ್ಕೆ ಮುಗಿಸಿದರು. 300 ಹೋಯಿತು. ಮಗಳ ಮದುವೆ ಹತ್ತಿರ ಇತ್ತು, ಇನ್ನು ಕಾಯಲಾರೆ ಎಂದು ಅವರೇ ಒಪ್ಪಿ ಹೆಬ್ಬೆಟ್ಟು ಹಾಕಿದರು. ನನ್ನನ್ನು ಆಫೀಸಿನಿಂದ ತೆಗೆದು ಕಬ್ಬಿಣದ ಯಾರ್ಡಿಗೆ ರಾತ್ರಿ ಪಾಳಿಗೆ ಹಾಕಿದರು. ಆ ವರ್ಷ ಸಂಬಳ ಏರಲಿಲ್ಲ. ಮುಂದಿನ ವರ್ಷವೂ ಏರಲಿಲ್ಲ. ಮನೆಯ ಎರಡನೇ ಮಾಳಿಗೆ ನಿಂತುಹೋಯಿತು, ಕಂಬಿಗಳು ಇಂದಿಗೂ ತಾರಸಿಯ ಮೇಲೆ ತುಕ್ಕು ಹಿಡಿದು ನಿಂತಿವೆ. ಹೆಂಡತಿ ಕೆಲವು ಸಲ ಬಟ್ಟೆ ಒಣಗಿಸಲು ಹೋದಾಗ ಅವನ್ನು ತೋರಿಸಿ, “ಇದು ನಿಮ್ಮ ಮಾಷ್ಟ್ರ ಲೆಕ್ಕ” ಎನ್ನುತ್ತಾಳೆ. ಬೈಯುವುದಲ್ಲ, ಹಗ್ಗ ಕಟ್ಟಲು ಒಳ್ಳೆಯದಾಯಿತು ಎಂದೂ ಹೇಳುತ್ತಾಳೆ.

ಮೂರನೆಯ ಬೆರಳು.

ನಾಲ್ಕನೆಯದು ಒಂದು ತಪ್ಪೊಪ್ಪಿಗೆ. ಆಗ ನಿಮ್ಮ ಮೇಲೆ ನನಗೆ ತುಂಬಾ ಸಿಟ್ಟಿತ್ತು. ಕಂಡಿಯ ಹತ್ತಿರ ನನ್ನನ್ನು ಒಬ್ಬನೇ ಬಿಟ್ಟಿರಲ್ಲ, ಅದಕ್ಕೆ. ಏಳನೆಯದು ಮುಗಿಸಿ ಬೇರೆ ಶಾಲೆಗೆ ಹೋದ ಮೇಲೆ ನೀವು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ನಾನು ಅಂಗಡಿಯ ಹಿಂದೆ ಹೋಗುತ್ತಿದ್ದೆ. ಗಲ್ಫಿನಿಂದ ಎಷ್ಟೋ ಜನರ ಕಾಗದ ಬರೆದೆ, ನಿಮಗೆ ಒಂದು ಸಾಲು ಬರೆಯಲಿಲ್ಲ. ಆಮೇಲೆ ಫೋನ್ ಬಂತು, ಕಾಗದ ನಿಂತಿತು. ಅದೇ ನೆಪವಾಯಿತು.

ಉಪ್ಪ ತೀರಿಕೊಳ್ಳುವ ಮೊದಲು ನಾನು ಅವರಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವರಿಗೆ ಏನೂ ಗೊತ್ತಿರಲಿಲ್ಲ. ಮೀನು ಕೊಳ್ಳಲು ಎಷ್ಟೋ ಸಲ ಮಾಷ್ಟ್ರು ಸಿಕ್ಕಿದ್ದಾರೆ, ನಿನ್ನ ಅಕ್ಷರ ಚಂದ ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ ಎಂದರು. ನನ್ನ ಕಾಗದವನ್ನು ನೀವು ಕೂಡ ಯಾರಿಗೂ ಓದಿ ಹೇಳಲಿಲ್ಲ. ಹೇಳಿದ್ದರೆ ಓಣಿಯಲ್ಲಿ ಯಾರೂ ನನ್ನಿಂದ ಮತ್ತೆ ಕಾಗದ ಬರೆಸುತ್ತಿರಲಿಲ್ಲ, ನಾನು ಆ ತಪ್ಪಿನ ಹುಡುಗನಾಗಿಯೇ ಉಳಿಯುತ್ತಿದ್ದೆ. ಏರೋಗ್ರಾಮಿನ ಹಣವನ್ನೂ ನಾನು ನಿಮಗೆ ವಾಪಸು ಕೊಟ್ಟಿಲ್ಲ. ಇದಕ್ಕೆಲ್ಲ ಕೃತಜ್ಞತೆ ಎಂಬ ಪುಸ್ತಕದ ಮಾತು ಬರೆಯಲು ಕೈ ಬರುವುದಿಲ್ಲ. ನಮ್ಮ ಉಮ್ಮ ಹೇಳುವ ಹಾಗೆ ಹೇಳುತ್ತೇನೆ: ಪಡೆದವನು ನಿಮಗೆ ಬರ್ಕತ್ ಕೊಡಲಿ.

ಇತ್ತಾತನ ವಿಷಯ ಬರೆಯುವ ಮೊದಲು ಅವರ ಮನೆಗೆ ಹೋಗಿ ಒಪ್ಪಿಗೆ ಕೇಳಿದೆ. ಅವರಿಗೆ ಎಪ್ಪತ್ತು ದಾಟಿದೆ. ಗಂಡ ತೀರಿಕೊಂಡು ಆರು ವರ್ಷ. ಆ ಎರಡನೇ ಕಾಗದ ಅವರ ಪೆಟ್ಟಿಗೆಯಲ್ಲೇ ಉಂಟು, ಗಂಡ ಗಲ್ಫಿನಿಂದ ಬರುವಾಗ ಜೋಪಾನವಾಗಿ ತಂದಿದ್ದರು. ಮಡಿಕೆಯ ಹತ್ತಿರ ಹರಿದಿದೆ, ನನ್ನ ಅಕ್ಷರ ಚಂದ ಇಲ್ಲ, ಕೈ ನಡುಗಿದ್ದು ಕಾಣುತ್ತದೆ. ಕಿವಿಯ ಹುಡುಗಿಗೆ ಈಗ ಎರಡು ಮಕ್ಕಳು. ನಾನು ಹೋದರೆ ಅವಳ ಬಲಗಡೆಗೇ ಕೂರುತ್ತೇನೆ. ಬರೆಯಬಹುದಾ ಎಂದು ಕೇಳಿದ್ದಕ್ಕೆ ಇತ್ತಾತ ನಕ್ಕು, “ಬರೆ. ಈ ಸಲ ನಾನು ಹೇಳಿದ್ದನ್ನೇ ಬರೆ” ಎಂದರು. ಮಾಷ್ಟ್ರಿಗೆ ನನ್ನ ಸಲಾಂ ಹೇಳು ಎಂದೂ ಹೇಳಿದ್ದಾರೆ.

ಈಗ ಕ್ಷೇಮದ ಸಾಲು. ಉಮ್ಮ ಕ್ಷೇಮ. ಹೆಂಡತಿ ಕ್ಷೇಮ. ಮಗಳು ಕಾಸರಗೋಡಿನ ಕಾಲೇಜಿನಲ್ಲಿ ಕನ್ನಡ ಓದುತ್ತಿದ್ದಾಳೆ, ಕ್ಷೇಮ. ನನಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಒಣಗಲು ಮೂರು ತಿಂಗಳು ಹಿಡಿಯಿತು, ಈಗ ನಡೆಯುತ್ತೇನೆ. ಮಗ ಮತ್ತು ನಾನು ಸರಿಯಾಗಿ ಮಾತಾಡದೆ ಒಂದು ವರ್ಷವಾಯಿತು. ಅವನಿಗೂ ಒಂದು ಕಾಗದ ಬರೆಯಬೇಕು ಎಂದುಕೊಂಡಿದ್ದೇನೆ, ಬೆರಳು ಎಷ್ಟು ಬಿಡಿಸಬೇಕು ಎಂದು ತಿಳಿಯುತ್ತಿಲ್ಲ.

ಇದನ್ನು ಓದಿ ಹೇಳುತ್ತಿರುವ ಮಗಳೇ, ನಿನಗೂ ಒಂದು ಮಾತು. ಅಜ್ಜನನ್ನು ಹೊಗಳಿದ ಕಡೆ ಅವರು “ಸಾಕು, ಮುಂದೆ ಓದು” ಎನ್ನುತ್ತಾರೆ. ಬಿಟ್ಟು ಓದಬೇಡ. ಓದಿ ಮುಗಿಸಿದ ಮೇಲೆ ಅವರ ಕೈ ಹಿಡಿದು ನೋಡು, ನಾಲ್ಕೂ ಬೆರಳು ಮಡಚಿದ್ದಾರಾ ಎಂದು. ಉಳಿದಿದ್ದರೆ ನನಗೆ ಫೋನ್ ಮಾಡು, ಬಂದು ಹೇಳುತ್ತೇನೆ.

ಅಂಟು ಹಚ್ಚುವ ಮೊದಲು ಒಮ್ಮೆ ಇಡೀ ಕಾಗದವನ್ನು ಉಮ್ಮನಿಗೆ ಬ್ಯಾರಿಯಲ್ಲಿ ಓದಿ ಹೇಳಿದೆ. ಸೌಟಿನ ಪೆಟ್ಟನ್ನು ತೆಗೆಯಲು ಹೇಳಿದರು. ಅದು ನನ್ನ ಕಾಗದ ಉಮ್ಮಾ ಎಂದೆ.

ನಿಮ್ಮ ವಿದ್ಯಾರ್ಥಿ,
ಕಿಟಕಿಯ ಬದಿಯ ಬೆಂಚಿನವ